ವಾಚ್ ಗ್ಲಾಸಿಗೆ ಎಆರ್ ಕೋಟಿಂಗ್ ಒಳಗಡೆ ಮಾತ್ರ ಸಾಕಾ, ಎರಡೂ ಕಡೆ ಬೇಕಾ?

ಪ್ರಶ್ನೆ: ಕಪ್ಪು ಡಯಲ್‌ನ ಎರಡು ವಾಚ್ ನೋಡಿಟ್ಟಿದ್ದೀನಿ. ಎರಡರಲ್ಲೂ ಸಫೈರ್ ಗ್ಲಾಸು. ಒಂದರಲ್ಲಿ ಎಆರ್ ಕೋಟಿಂಗ್, ಅಂದರೆ ಗ್ಲಾಸಿನ ಹೊಳಪು ಕಮ್ಮಿ ಮಾಡುವ ಲೇಪ, ಒಳಗಡೆ ಮಾತ್ರ, ಇನ್ನೊಂದರಲ್ಲಿ ಎರಡೂ ಕಡೆ. ಹೊರಗಿನ ಕೋಟಿಂಗಿಗೆ ಗೀರು ಬೀಳುತ್ತೆ ಅಂತಾರೆ. ಸಫೈರಿಗೆ ಗೀರೇ ಬೀಳಲ್ಲ ಅಂತಾನೂ ಅಂತಾರೆ. ಯಾವುದು ನಿಜ? ಯಾವುದು ತಗೊಳ್ಳಲಿ?

ಉತ್ತರ:

ಎರಡೂ ನಿಜ. ಸಫೈರಿಗೆ ಗೀರು ಬೀಳುವುದು ಬಹಳ ಅಪರೂಪ, ಆದರೆ ಅದರ ಮೇಲೆ ಹಚ್ಚಿದ ಕೋಟಿಂಗಿಗೆ ಬೀಳುತ್ತದೆ. ನನ್ನ ವಾಚಿಗೆ ಬಿದ್ದಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಸಫೈರ್ ಗಟ್ಟಿ ಇದೆ, ಸರಿ. ಆದರೆ ಅದಕ್ಕೆ ಹೊಳಪು ಜಾಸ್ತಿ. ಬೆಳಕು ನೇರವಾಗಿ ಬಿದ್ದರೆ ಸಾಮಾನ್ಯ ಮಿನರಲ್ ಗ್ಲಾಸಿನ ಒಂದೊಂದು ಮೈಯಿಂದ ಸುಮಾರು ಶೇ. 4ರಷ್ಟು ವಾಪಸ್ ಬರುತ್ತದೆ. ಸಫೈರಿನಲ್ಲಿ ಅದು ಸುಮಾರು ಶೇ. 7.7. ಗ್ಲಾಸಿಗೆ ಹೊರಗೊಂದು, ಒಳಗೊಂದು ಮೈ ಇರುವುದರಿಂದ ಕೋಟಿಂಗ್ ಇಲ್ಲದ ಸಫೈರ್ ಹತ್ತಿರ ಹತ್ತಿರ ಶೇ. 14ರಷ್ಟು ಬೆಳಕನ್ನು ನಿಮ್ಮ ಮುಖಕ್ಕೇ ತಿರುಗಿಸಿ ಕಳಿಸುತ್ತದೆ. ಒಳಗಡೆ ಮಾತ್ರ ಕೋಟಿಂಗ್ ಹಾಕಿದರೆ ಅದು ಶೇ. 8ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅಷ್ಟೆಲ್ಲಾ ಮಾಡಿದ ಮೇಲೆ ನಾವು ಬಂದು ನಿಲ್ಲುವುದು ಕೋಟಿಂಗೇ ಇಲ್ಲದ ಅಗ್ಗದ ಮಿನರಲ್ ಗ್ಲಾಸಿನ ಮಟ್ಟಕ್ಕೆ! ಎರಡೂ ಕಡೆ ಚೆನ್ನಾಗಿ ಹಾಕಿದರೆ ಮಾತ್ರ ಶೇ. 1ರ ಹತ್ತಿರ ಬರುತ್ತದೆ. ಆಗ ಗ್ಲಾಸೇ ಇಲ್ಲವೇನೋ ಅನ್ನಿಸುತ್ತದೆ, ಮುಳ್ಳುಗಳನ್ನು ಕೈಯಲ್ಲೇ ಮುಟ್ಟಬಹುದೇನೋ ಅನ್ನುವ ಹಾಗೆ.

ಈ ವ್ಯತ್ಯಾಸ ಕಣ್ಣಿಗೆ ಎಷ್ಟು ಕಾಣುತ್ತದೆ ಅನ್ನುವುದು ಡಯಲ್ ಬಣ್ಣದ ಮೇಲೆ ನಿಂತಿದೆ. ಬಿಳಿ ಡಯಲ್ ತಾನೇ ಬಹಳಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ, ಅದರ ಮುಂದೆ ಗ್ಲಾಸಿನ ಶೇ. 8 ಲೆಕ್ಕಕ್ಕೇ ಇಲ್ಲ. ಕಪ್ಪು ಡಯಲ್ ಹಾಗಲ್ಲ, ಅದು ಕಳಿಸುವುದೇ ನೂರಕ್ಕೆ ನಾಲ್ಕೈದು ಪಾಲು. ಆಕಾಶದ ಬಿಳುಪು ಗ್ಲಾಸಿನಲ್ಲಿ ಕಂಡರೆ ಡಯಲ್ ಕಪ್ಪಾಗಿ ಉಳಿಯುವುದಿಲ್ಲ, ಬೂದಿ ಬಳಿದ ಹಾಗೆ ಕಾಣುತ್ತದೆ. ಗ್ಲಾಸು ಚಪ್ಪಟೆ ಇದ್ದರೆ ಕೈ ಸ್ವಲ್ಪ ತಿರುಗಿಸಿ ತಪ್ಪಿಸಿಕೊಳ್ಳಬಹುದು. ಉಬ್ಬಿದ ಗ್ಲಾಸಾದರೆ ಹೇಗೆ ಹಿಡಿದರೂ ಎಲ್ಲೋ ಒಂದು ಕಡೆ ಬೆಳಕು ಸಿಕ್ಕೇ ಸಿಗುತ್ತದೆ.

ಇನ್ನು ಗೀರಿನ ವಿಷಯ. ಈ ಕೋಟಿಂಗ್ ನಾವು ಅಂದುಕೊಳ್ಳುವ ಹಾಗೆ ಬಣ್ಣ ಹಚ್ಚಿದ ಪದರ ಅಲ್ಲ. ಇದರಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವುದು ಮೆಗ್ನೀಸಿಯಮ್ ಫ್ಲೋರೈಡ್. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅದನ್ನು ಆವಿ ಮಾಡಿ ಗ್ಲಾಸಿನ ಮೇಲೆ ಕೂರಿಸುತ್ತಾರೆ. ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಪದರದ ಮೇಲ್ಮೈಯಿಂದ ವಾಪಸ್ ಬರುವ ಬೆಳಕು ಮತ್ತು ಅದರ ತಳದಿಂದ ವಾಪಸ್ ಬರುವ ಬೆಳಕು ಒಂದನ್ನೊಂದು ಹೊಡೆದುಹಾಕಬೇಕು. ದಪ್ಪ ಲೆಕ್ಕ ಹಾಕಿರುವುದು ಹಸಿರು ಬೆಳಕಿಗೆ. ಹಾಗಾಗಿ ನೀಲಿ, ಕೆಂಪು ಸ್ವಲ್ಪ ಉಳಿದುಕೊಳ್ಳುತ್ತವೆ. ಕೋಟಿಂಗ್ ಇರುವ ವಾಚು ನೇರಳೆಯಾಗಿ ಮಿನುಗುವುದು ಅದಕ್ಕೇ. ಒಂದರ ಮೇಲೊಂದು ಹಲವು ಪದರ ಹಾಕಿದ್ದರೆ ಮಿನುಗು ಇನ್ನೂ ಕಮ್ಮಿ, ಬಣ್ಣವೂ ಬೇರೆಯಾಗಬಹುದು.

ಗಟ್ಟಿತನ ಹೇಳುವ ಮೋಸ್ ಅಳತೆಯಲ್ಲಿ ಸಫೈರ್ 9. ರಸ್ತೆಯ ಧೂಳಿನಲ್ಲಿ, ಮರಳಿನಲ್ಲಿ ಇರುವ ಕ್ವಾರ್ಟ್ಜ್ 7. ಮೆಗ್ನೀಸಿಯಮ್ ಫ್ಲೋರೈಡ್ 6ರ ಹತ್ತಿರ. ಲೆಕ್ಕ ಇಷ್ಟೇ. ಬೈಕಿನಲ್ಲಿ ಧೂಳು ಕುಡಿದು ಬಂದು ವಾಚನ್ನು ಅಂಗಿ ತುದಿಯಿಂದ ಒರೆಸಿದರೆ ಮರಳಿನ ಕಣ ಸಫೈರಿಗೆ ಏನೂ ಮಾಡುವುದಿಲ್ಲ, ಕೋಟಿಂಗನ್ನು ಗೀಚುತ್ತದೆ. ಗೀಚಿದ ಜಾಗದಲ್ಲಿ ಬೆಳಕು ಮತ್ತೆ ಶೇ. 7.7ರ ಹಾಗೆ ಹೊಳೆಯುತ್ತದೆ, ಸುತ್ತಮುತ್ತ ಶೇ. ಅರ್ಧ ಮಾತ್ರ. ಕಣ್ಣಿಗೆ ಚುಚ್ಚುವುದು ಗೀರಿನ ಆಳ ಅಲ್ಲ, ಈ ವ್ಯತ್ಯಾಸ. ಬೆರಳಿನ ಎಣ್ಣೆ ಜಿಡ್ಡೂ ಇದೇ ಕಾರಣಕ್ಕೆ ಹೊರಗಿನ ಕೋಟಿಂಗ್ ಮೇಲೆ ಎದ್ದು ಕಾಣುತ್ತದೆ.

ನನ್ನದು ಎರಡೂ ಕಡೆ ಕೋಟಿಂಗ್ ಇದ್ದ ಕಪ್ಪು ಡಯಲ್ ವಾಚು. ಒಂದೂವರೆ ವರ್ಷ ರಾಜನ ಹಾಗೆ ಇತ್ತು. ಆಮೇಲೆ ಒಂದು ದಿನ 2 ಗಂಟೆಯ ಗುರುತಿನ ಮೇಲೆ ಕೂದಲಿನಂಥ ಬೆಳ್ಳಿ ಗೆರೆ. ‘ಸಫೈರ್ ಅಂತ ಹೇಳಿ ಟೋಪಿ ಹಾಕಿದರು’ ಎಂದು ಮನೆಯಲ್ಲೆಲ್ಲಾ ಬೈದುಕೊಂಡು ತಿರುಗಾಡಿದೆ. ರಿಪೇರಿ ಅಂಗಡಿಯ ಹಿರಿಯರೊಬ್ಬರು ಮೊದಲು ಬಿಳಿ ರಬ್ಬರಿನಿಂದ ಉಜ್ಜಿದರು. ಬಾಗಿಲ ಚಿಲಕಕ್ಕೋ ಸ್ಟೀಲ್ ಕಂಬಿಗೋ ತಾಗಿದಾಗ ಲೋಹವೇ ಸಫೈರಿಗೆ ಮೆತ್ತಿಕೊಳ್ಳುವುದುಂಟಂತೆ, ಅದಾಗಿದ್ದರೆ ರಬ್ಬರಿಗೇ ಹೋಗುತ್ತದೆ. ಹೋಗಲಿಲ್ಲ. ಗೆರೆಗೆ ಅಡ್ಡಲಾಗಿ ಉಗುರು ಎಳೆದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ಆಚೀಚೆ ವಾಲಿಸಿದರು. ಒಂದು ಕೋನದಲ್ಲಿ ಗೆರೆ ಫಳಕ್ ಎಂದು ಹೊಳೆದು, ಇನ್ನೊಂದರಲ್ಲಿ ಮಾಯವಾಗುತ್ತಿತ್ತು. ‘ಗ್ಲಾಸಿಗೆ ಏನೂ ಆಗಿಲ್ಲ ಸಾರ್, ಮೇಲಿನ ಕೋಟಿಂಗ್ ಹೋಗಿದೆ ಅಷ್ಟೆ’ ಅಂದರು.

ಒಂದು ಗೀರನ್ನು ಮಾತ್ರ ಸರಿ ಮಾಡಲು ಬರುವುದಿಲ್ಲ. ಹೊಸದಾಗಿ ಕೋಟಿಂಗ್ ಹಾಕುವುದೂ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ. ಇರುವುದು ಎರಡೇ ದಾರಿ: ಗ್ಲಾಸ್ ಬದಲಾಯಿಸುವುದು, ಇಲ್ಲವೇ ಹೊರಗಿನ ಪದರವನ್ನು ಪೂರ್ತಿ ತೆಗೆಯುವುದು. ನಾನು ಎರಡನೆಯದಕ್ಕೆ ಒಪ್ಪಿದೆ. ಅವರು ಗ್ಲಾಸಿನ ಸುತ್ತ ಟೇಪ್ ಅಂಟಿಸಿ, ಒಂದು ಮೈಕ್ರಾನಿನ ಡೈಮಂಡ್ ಪೇಸ್ಟ್ ಹಚ್ಚಿ, ಬಟ್ಟೆಯಿಂದ ಕೈಯಲ್ಲೇ ಉಜ್ಜಿದರು. ಆಗಾಗ ಒರೆಸಿ ಟ್ಯೂಬ್‌ಲೈಟಿಗೆ ಹಿಡಿಯುತ್ತಿದ್ದರು. ಗ್ಲಾಸಿನಲ್ಲಿ ಅದರ ಪ್ರತಿಬಿಂಬ ಕೆಲವು ಕಡೆ ಬಿಳಿ, ಕೆಲವು ಕಡೆ ಇನ್ನೂ ನೇರಳೆ. ಅಂಚಿನ ನೇರಳೆ ತೇಪೆಗಳು ಹೋಗಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ವಾರಂಟಿ ಇದ್ದರೆ ಇದಕ್ಕೆ ಕೈ ಹಾಕಬೇಡಿ.

ಈಗ ನನ್ನ ವಾಚು ಒಳಗಡೆ ಮಾತ್ರ ಕೋಟಿಂಗ್ ಇರುವ ವಾಚು. ಮೊದಲಿನ ಆ ‘ಗ್ಲಾಸೇ ಇಲ್ಲ’ ಅನ್ನುವ ಮಜಾ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮನಸ್ಸಿಗೆ ನೆಮ್ಮದಿ ಇದೆ, ಅಂಗಿ ತುದಿಯಲ್ಲಿ ಧಾರಾಳವಾಗಿ ಒರೆಸುತ್ತೇನೆ.

ನಿಮಗೆ ಯಾವುದು? ಆಫೀಸು, ಮನೆ ಅಷ್ಟೇ ಆದರೆ ಕಪ್ಪು ಡಯಲಿಗೆ ಎರಡೂ ಕಡೆ ಇರುವುದನ್ನೇ ತಗೊಳ್ಳಿ, ಅದರ ಅಂದವೇ ಬೇರೆ. ಒರೆಸುವ ಮುಂಚೆ ಊದಿ ಅಥವಾ ನೀರಿನಲ್ಲಿ ತೊಳೆದು ಧೂಳು ತೆಗೆಯಿರಿ. ಬೈಕು, ತೋಟ, ಗ್ಯಾರೇಜು ಅನ್ನುವವರಾದರೆ ಒಳಗಡೆ ಮಾತ್ರ ಇರುವುದು ಸಾಕು. ಹೊರ ಪದರ ಗಟ್ಟಿ ಮಾಡಿದ್ದೇವೆ ಅಂತ ಕೆಲವರು ಹೇಳುತ್ತಾರೆ. ಗಟ್ಟಿ ಇರಬಹುದು, ಆದರೂ ಸಫೈರಿನಷ್ಟಲ್ಲ.

ಅಂಗಡಿಯವರ ಮಾತು ನಂಬುವ ಬದಲು ವಾಚನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಬೆಳಕಿನ ಎರಡು ಗೆರೆ ಕಾಣುತ್ತವೆ, ಒಂದು ಹೊರ ಮೈಯದು, ಒಂದು ಒಳ ಮೈಯದು. ಎರಡೂ ಬೆಳ್ಳಗಿದ್ದರೆ ಕೋಟಿಂಗೇ ಇಲ್ಲ. ಒಂದು ಬೆಳ್ಳಗೆ, ಒಂದು ಮಂಕು ನೇರಳೆ ಇದ್ದರೆ ಒಳಗಡೆ ಮಾತ್ರ. ಎರಡೂ ಮಂಕಾಗಿ ಬಣ್ಣ ಬಣ್ಣವಾಗಿದ್ದರೆ ಎರಡೂ ಕಡೆ ಇದೆ.