ಡಿಡಕ್ಟಿಬಲ್ 15,000ಕ್ಕೆ ಏರಿಸೋದು ಬೇಡ, 5,000 ಸಾಕು

"ತುಮಕೂರಲ್ಲಿ ಓಡಿಸೋ 6 ವರ್ಷದ ಸ್ವಿಫ್ಟ್. ಓನ್ ಡ್ಯಾಮೇಜ್ ಪ್ರೀಮಿಯಂ 6,000. ವಾಲಂಟರಿ ಡಿಡಕ್ಟಿಬಲ್ 15,000 ಹಾಕಿ ಅಂತಾರೆ ಏಜೆಂಟ್. ಹಾಕಲಾ?"

ಬೇಡ ಸರ್. ಡಿಡಕ್ಟಿಬಲ್ ಅಂದರೆ ಕ್ಲೇಮ್ ಆದಾಗ ನೀವೇ ಕೈಯಿಂದ ಹಾಕುವ ಮೊತ್ತ. ಅದನ್ನು ಏರಿಸಿದರೆ ರಿಯಾಯಿತಿ ಸಿಗುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ಮೋಟಾರ್ ಟ್ಯಾರಿಫ್ ಪ್ರಕಾರ 5,000ಕ್ಕೆ ಶೇ 25, ಮಿತಿ 1,500 ರೂಪಾಯಿ. ನಿಮಗೆ ಸರಿಯಾಗಿ 1,500 ಉಳಿಯುತ್ತದೆ. 15,000ಕ್ಕೆ ಶೇ 35, ಅಂದರೆ 2,100. ಬರೀ 600 ರೂಪಾಯಿ ಜಾಸ್ತಿ ಉಳಿಸೋಕೆ ಇನ್ನೂ 10,000 ಹೊರೆ ಹೊರಬೇಕು. ಇದು ಲಾಭವಲ್ಲ. ಕಂಪನಿಯಿಂದ ಕಂಪನಿಗೆ ದರ ಬದಲಾಗುತ್ತದೆ, ಎರಡೂ ಕೊಟೇಶನ್ ಕೇಳಿ ನೋಡಿ.

5,000 ಹಾಕಿದರೂ ಕ್ಲೇಮ್ ಹೇಗೆ ಅಂತ ಗೊತ್ತಿರಲಿ. ಶಿರಾ ಗೇಟ್ ಹತ್ತಿರ ಯಾರೋ ಬಂಪರ್‌ಗೆ ಗುದ್ದಿದರು, ಮಂಜೂರಾಗುವ ಬಿಲ್ 9,000 ಅಂದುಕೊಳ್ಳಿ. ಕಡ್ಡಾಯ ಡಿಡಕ್ಟಿಬಲ್ 1,000 ಸೇರಿ 6,000 ನಿಮ್ಮ ಕೈಯಿಂದ. ಬರುವ 3,000ಕ್ಕೆ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳೋದು ಸುಮ್ನೆ ನಷ್ಟ, ಅಲ್ವಾ? ಬಿಡಿಭಾಗಗಳ ಸವಕಳಿ ಕಳೆಯದ ಝೀರೋ ಡೆಪ್ ಕವರ್ ಇದ್ದರೂ ಈ 6,000 ಕಡಿತ ತಪ್ಪುವುದಿಲ್ಲ.

ಕಳ್ಳತನ ತಡೆ ಸಾಧನಕ್ಕೆ ಶೇ 2.5, ಅಂದರೆ ಸುಮಾರು 150 ರೂಪಾಯಿ. ಎಆರ್‌ಎಐ ಮಾನ್ಯತೆಯ ಸಾಧನ, ಸರ್ಟಿಫಿಕೇಟ್ ಈಗಾಗಲೇ ಇದ್ದರೆ ಕೊಡಿ. ರಿಯಾಯಿತಿಗಾಗಿಯೇ ಹೊಸದು ಕೊಳ್ಳಬೇಡಿ.

ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಬೆಲೆ, ಅದನ್ನು ಮಾತ್ರ ಇಳಿಸಬೇಡಿ. ಕಾರು ಕಳುವಾದರೆ ಕೈಗೆ ಬರುವ ದುಡ್ಡು ಅದರ ಮೇಲೆಯೇ ನಿಂತಿದೆ.