8 ಮೀಟರ್ ದೂರದ ಸೆನ್ಸರ್‌ಗೆ ಎಸ್‌ಪಿಐ ಒಳ್ಳೆಯದಾ, ಐ2ಸಿ ಒಳ್ಳೆಯದಾ?

ಪ್ರಶ್ನೆ: ಕಾಫಿ ಸ್ಟೋರ್‌ನಲ್ಲಿ ತೇವಾಂಶ ನೋಡೋಕೆ ಬಿಎಂಇ280 ಹಾಕಿದ್ದೇನೆ. ಬೋರ್ಡ್‌ನಿಂದ 8 ಮೀಟರ್ ದೂರ. ಐ2ಸಿ ಆಗಾಗ ಕೈಕೊಡುತ್ತಿದೆ. ಎಸ್‌ಪಿಐ ವೇಗ ಜಾಸ್ತಿ ಅಂತಾರೆ, ಅದಕ್ಕೆ ಬದಲಾಯಿಸಲಾ?

ಬೇಡ. ನಾನು ಇದನ್ನೇ ಮಾಡಿ ಎರಡು ಮೂಟೆ ಪಾರ್ಚ್‌ಮೆಂಟ್ ಕಾಫಿ ಕಳೆದುಕೊಂಡೆ.

ಸುಂಟಿಕೊಪ್ಪದ ಹತ್ತಿರ ಚಿಕ್ಕಪ್ಪನ ತೋಟ. ಮಾರದೆ ಉಳಿದ ಪಾರ್ಚ್‌ಮೆಂಟ್ ಜೂನ್ ಮಳೆಯಲ್ಲೂ ಸ್ಟೋರ್‌ನಲ್ಲೇ ಇತ್ತು. ತೇವಾಂಶ 65% ದಾಟಿದರೆ ಫ್ಯಾನ್ ತಿರುಗಬೇಕು ಅಂತ ಇಎಸ್‌ಪಿ32 ಬೋರ್ಡ್ ಜೋಡಿಸಿದೆ. ಬೋರ್ಡ್ ಜಗಲಿಯಲ್ಲಿ, ಸೆನ್ಸರ್ ಸ್ಟೋರ್‌ನ ಒಳಗೆ, ನಡುವೆ 8 ಮೀಟರ್ ಲ್ಯಾನ್ ಕೇಬಲ್. ಐ2ಸಿ ಹತ್ತು ಸಲ ಓದಿದರೆ ಮೂರು ಸಲ ಎರರ್ ಕೊಡುತ್ತಿತ್ತು. ದೂರಕ್ಕೆ ಇದು ಆಗಲ್ಲ ಅಂದುಕೊಂಡು ಎಸ್‌ಪಿಐಗೆ ಬದಲಾಯಿಸಿ, ಕ್ಲಾಕ್ 8 ಮೆಗಾಹರ್ಟ್ಸ್‌ಗೆ ಇಟ್ಟೆ. ಎರರ್ ನಿಂತುಹೋಯಿತು. ಖುಷಿಯಾಯಿತು.

ತಪ್ಪಾಗಿದ್ದು ಇಲ್ಲೇ. ಎರರ್ ಬರದೇ ಇದ್ದದ್ದು ಎಲ್ಲ ಸರಿ ಇದೆ ಅಂತಲ್ಲ, ಎಸ್‌ಪಿಐಗೆ ಎರರ್ ಹೇಳುವ ದಾರಿಯೇ ಇಲ್ಲ ಅಂತ. ಐ2ಸಿಯಲ್ಲಿ ವಿಳಾಸ ಕೂಗಿದ ಕೂಡಲೇ ಸೆನ್ಸರ್ ಗೆರೆಯನ್ನು ಕೆಳಗೆಳೆದು 'ಇದ್ದೇನೆ' ಅನ್ನಬೇಕು. ಅನ್ನದಿದ್ದರೆ ನಿಮಗೆ ಗೊತ್ತಾಗುತ್ತದೆ. ಎಸ್‌ಪಿಐಯಲ್ಲಿ ಬೋರ್ಡ್ ಸುಮ್ನೆ ಕ್ಲಾಕ್ ಬಡಿಯುತ್ತದೆ, ಆ ಕ್ಷಣಕ್ಕೆ ಗೆರೆಯಲ್ಲಿ ಏನಿದೆಯೋ ಅದನ್ನೇ ಉತ್ತರ ಅಂತ ತೆಗೆದುಕೊಳ್ಳುತ್ತದೆ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಆಮೇಲೆ ಮೂರು ದಿನ ಪರದೆಯಲ್ಲಿ 52, 54, 53. ಹೊರಗೆ ಒಂದೇ ಸಮ ಮಳೆ. ಚಿಕ್ಕಪ್ಪ ಬಂದು, "ಮಗ, ಮೊದಲು ಗೋಡೆ ಮುಟ್ಟಿ ನೋಡು" ಅಂದರು. ಕೈ ಒದ್ದೆಯಾಯಿತು. ಗೋಡೆ ಬದಿಯ ಎರಡು ಗೋಣಿಚೀಲ ಬಿಚ್ಚಿದರೆ ಬೂಸಲು ವಾಸನೆ.

ಆಗಿದ್ದು ಇಷ್ಟು. ಪ್ರತಿ ಬಿಎಂಇ280 ಒಳಗೂ ಕಾರ್ಖಾನೆಯಲ್ಲಿ ಬರೆದ ಕ್ಯಾಲಿಬ್ರೇಶನ್ ಅಂಕಿಗಳು ಇರುತ್ತವೆ. ಲೈಬ್ರರಿ ಅವನ್ನು ಬೋರ್ಡ್ ಶುರುವಾಗುವಾಗ ಒಂದೇ ಸಲ ಓದಿ ಇಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಒಂದು ಬಿಟ್ ತಪ್ಪಿದರೂ ಸಾಕು, ಮುಂದಿನ ಸಲ ಶುರುವಾಗುವ ತನಕ ಪ್ರತಿ ಲೆಕ್ಕವೂ ತಪ್ಪು. ಅದೂ ನಂಬುವ ಹಾಗಿರುವ ತಪ್ಪು.

ಬಿಟ್ ಯಾಕೆ ತಪ್ಪಿತು? ಇಂಥ ಕೇಬಲ್‌ನಲ್ಲಿ ಸಿಗ್ನಲ್ ಮೀಟರ್‌ಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಕ್ಲಾಕ್ ಹೋಗೋಕೆ 40, ಉತ್ತರ ವಾಪಸ್ ಬರೋಕೆ 40, ಒಟ್ಟು 80. 8 ಮೆಗಾಹರ್ಟ್ಸ್‌ನಲ್ಲಿ ಬೋರ್ಡ್ ಕಾಯುವುದು ಅರ್ಧ ಕ್ಲಾಕ್, ಅಂದರೆ 62.5 ಮಾತ್ರ. ಬಿಟ್ ದಾರಿಯಲ್ಲಿರುವಾಗಲೇ ಬೋರ್ಡ್ ಹಿಂದಿನ ಬಿಟ್ಟನ್ನು ಓದಿಬಿಡುತ್ತದೆ. ಚಿಪ್ ಐಡಿಯನ್ನು (ರಿಜಿಸ್ಟರ್ `0xD0`) ಸಾವಿರ ಸಲ ಓದಿಸಿದಾಗ ಇದು ಕಣ್ಣಿಗೆ ಬಿತ್ತು. ಬರಬೇಕಾದದ್ದು `0x60`, ನಡುನಡುವೆ `0x30` ಬರುತ್ತಿತ್ತು. ಅದೇ ಬಿಟ್‌ಗಳು, ಒಂದು ಮನೆ ಬಲಕ್ಕೆ ಸರಿದಿವೆ.

ಎಸ್‌ಪಿಐ ಕ್ಲಾಕ್ ಇಳಿಸಿದರೆ ಆಗಲ್ವಾ ಅಂತ ಕೇಳಬಹುದು. ಈ ತಡದ ತೊಂದರೆ ಹೋಗುತ್ತದೆ. ಆದರೆ ಕ್ಲಾಕ್ ಎಷ್ಟೇ ನಿಧಾನವಾದರೂ ಅದರ ಏರಿಳಿತದ ಅಂಚು ಅಷ್ಟೇ ಚೂಪಾಗಿರುತ್ತದೆ. ಉದ್ದ ಕೇಬಲ್‌ನ ತುದಿಯಲ್ಲಿ ಅದು ಬಡಿದು ವಾಪಸ್ ಬಂದರೆ ಸೆನ್ಸರ್ ಒಂದು ಕ್ಲಾಕನ್ನು ಎರಡು ಅಂತ ಎಣಿಸಬಹುದು. ಬೋರ್ಡ್ ಬದಿಯಲ್ಲಿ 100 ಓಮ್ ಸರಣಿಯಲ್ಲಿ ಹಾಕಿದರೆ ತಗ್ಗುತ್ತದೆ. ನಾನಂತೂ ಆ ದಾರಿಗೆ ಹೋಗಲಿಲ್ಲ.

ಅಸಲಿಗೆ ನನ್ನ ಐ2ಸಿ ಕೆಟ್ಟಿರಲೇ ಇಲ್ಲ. 400 ಕಿಲೋಹರ್ಟ್ಸ್‌ಗೆ ಇಟ್ಟಿದ್ದೆ, ಅಷ್ಟೇ. ಐ2ಸಿ ಗೆರೆಯನ್ನು ಮೇಲಕ್ಕೆತ್ತುವುದು ಪುಲ್ಅಪ್ ರೆಸಿಸ್ಟರ್ ಮಾತ್ರ. ಲ್ಯಾನ್ ಕೇಬಲ್ ಮೀಟರ್‌ಗೆ ಸುಮಾರು 50 ಪಿಕೋಫ್ಯಾರಡ್, 8 ಮೀಟರ್‌ಗೆ 400. ಐ2ಸಿ ನಿಯಮದ ಮಿತಿಯೂ ಅದೇ. 4.7 ಕಿಲೋಓಮ್ ಜೊತೆ ಗೆರೆ ಮೇಲೇಳೋಕೆ ಸುಮಾರು 1.6 ಮೈಕ್ರೋಸೆಕೆಂಡ್ ಬೇಕು. 400 ಕಿಲೋಹರ್ಟ್ಸ್‌ನಲ್ಲಿ ಇಡೀ ಬಿಟ್ಟೇ 2.5, ಅದರಲ್ಲಿ ಗೆರೆ ಮೇಲಿರಬೇಕಾದ ಪಾಲು ಸುಮಾರು ಅರ್ಧ ಮಾತ್ರ. ಗೆರೆ ಪೂರ್ತಿ ಏಳುವುದರೊಳಗೆ ಆ ಹೊತ್ತು ಮುಗಿಯುತ್ತಿತ್ತು.

ಪುಲ್ಅಪ್ 2.2 ಕಿಲೋಓಮ್ ಮಾಡಿದೆ, ಏರುವ ಹೊತ್ತು 0.75ಕ್ಕೆ ಇಳಿಯಿತು. ಕ್ಲಾಕ್ ಹೀಗೆ ಇಳಿಸಿದೆ:

```
Wire.begin(21, 22);
Wire.setClock(10000);
```

ಒಂದು ರೀಡಿಂಗ್‌ಗೆ ಸುಮಾರು 10 ಮಿಲಿಸೆಕೆಂಡ್ ಆಗುತ್ತದೆ. ನಿಮಿಷಕ್ಕೊಮ್ಮೆ ಓದುವವರಿಗೆ ಇನ್ನೆಷ್ಟು ವೇಗ ಬೇಕು? ನಿಮ್ಮ ಪ್ರಶ್ನೆಯಲ್ಲಿ ವೇಗದ ಮಾತು ಬರಲೇಬಾರದಿತ್ತು. ಎಸ್‌ಪಿಐ ಬೇಕಾಗುವುದು ಸೆಕೆಂಡಿಗೆ ಸಾವಿರಾರು ಸಲ ಓದುವ ಕಂಪನ ಸೆನ್ಸರ್‌ಗೆ, ಎಸ್‌ಡಿ ಕಾರ್ಡ್‌ಗೆ, ಡಿಸ್‌ಪ್ಲೇಗೆ. ಅದೂ ಬೋರ್ಡ್ ಮೇಲೇ, ಗೇಣುದ್ದದ ವೈರ್‌ನಲ್ಲಿ.

ವೈರ್ ಹಾಕುವಾಗ ಡೇಟಾ ಮತ್ತು ಕ್ಲಾಕ್ ಎರಡನ್ನೂ ಒಂದೇ ಹೆಣೆದ ಜೋಡಿಗೆ ಹಾಕಬೇಡಿ, ಒಂದರ ಏರಿಳಿತ ಇನ್ನೊಂದಕ್ಕೆ ಹತ್ತುತ್ತದೆ. ಡೇಟಾ ಜೊತೆ ಒಂದು ಗ್ರೌಂಡ್, ಕ್ಲಾಕ್ ಜೊತೆ ಇನ್ನೊಂದು ಗ್ರೌಂಡ್ ಇರಲಿ. ಆಮೇಲೆ ಚಿಪ್ ಐಡಿ ಸಾವಿರ ಸಲ ಓದಿಸಿ. ಒಂದೇ ಒಂದು ಸಲ `0x60` ಬಿಟ್ಟು ಬೇರೆ ಬಂದರೂ ಫ್ಯಾನ್ ಅದಕ್ಕೆ ಜೋಡಿಸಬೇಡಿ.