ಶೀರ್ಷಿಕೆಯ ಕ್ರಿಯಾಪದ ಯಾರ ಪರ?

ಓದುಗರ ಪತ್ರ

ಮಾನ್ಯ ಸಂಪಾದಕರೇ,

ನಾವು ನಾಲ್ವರು ಗೆಳೆಯರು ಒಂದು ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದೇವೆ. ಚುನಾವಣೆಯ ಸಮಯದಲ್ಲಿ ಮೂವರು ಅಭ್ಯರ್ಥಿಗಳು ಒಂದೇ ವೇದಿಕೆಯಲ್ಲಿ ಬಗರ್‌ಹುಕುಂ ಬಗ್ಗೆ ಮಾತನಾಡಿದ 40 ನಿಮಿಷದ ವಿಡಿಯೋ ಹಾಕಿದೆವು. ಒಂದು ಮಾತನ್ನೂ ಕತ್ತರಿಸಿರಲಿಲ್ಲ. ‘ರೈತರ ಪ್ರಶ್ನೆಗೆ ತಬ್ಬಿಬ್ಬಾದ ಅಭ್ಯರ್ಥಿ! ಬಯಲಾಯ್ತು ಅರಣ್ಯ ಇಲಾಖೆಯ ಅಸಲಿ ಮುಖ’ ಎಂದು ಶೀರ್ಷಿಕೆ ಕೊಟ್ಟಿದ್ದೆವು. ಎರಡು ಪಕ್ಷದವರೂ ನಮ್ಮನ್ನು ಎದುರು ಪಕ್ಷದವರೆಂದು ಬೈದರು. ಶೀರ್ಷಿಕೆ, ವಿವರಣೆ, ಟ್ಯಾಗ್‌ಗಳನ್ನು ಹೇಗೆ ಬರೆಯಬೇಕು? ಸಪ್ಪೆ ಮಾಡಿದರೆ ಯಾರೂ ನೋಡುವುದಿಲ್ಲವಲ್ಲ?

– ಹೊಸನಗರ ತಾಲ್ಲೂಕಿನ ಓದುಗ

ಸಂಪಾದಕರ ಉತ್ತರ

ವಿಡಿಯೋ ಜೊತೆಗೆ ನೀವು ಕಳುಹಿಸಿದ್ದ ಶೀರ್ಷಿಕೆಯಲ್ಲಿ ನನಗೆ ಮೊದಲು ಕಂಡದ್ದು ಎರಡು ಕ್ರಿಯಾಪದಗಳು. ‘ಬಯಲಾಯ್ತು’ ಎಂದರೆ ಮುಚ್ಚಿಟ್ಟಿದ್ದ ಸತ್ಯವೊಂದು ಹೊರಬಂದಿತು ಎಂದು ಅರ್ಥ. ಆದರೆ ನಿಮ್ಮ ವಿಡಿಯೋದಲ್ಲಿ ನಡೆದದ್ದು ಅದಲ್ಲ; ಅರ್ಜಿಗಳು ವಜಾ ಆಗುವುದಕ್ಕೆ ಇಲಾಖೆಯ ಆಕ್ಷೇಪವೇ ಕಾರಣವೆಂದು ಒಬ್ಬ ಅಭ್ಯರ್ಥಿ ಹೇಳಿದರು, ಇಲಾಖೆಯ ಪರವಾಗಿ ಉತ್ತರಿಸುವವರು ಅಲ್ಲಿ ಯಾರೂ ಇರಲಿಲ್ಲ. ಅದು ಆರೋಪ. ಅದನ್ನು ಬಯಲು ಎಂದು ಕರೆದ ಕ್ಷಣವೇ ನೀವು ತೀರ್ಪು ಕೊಟ್ಟಂತಾಯಿತು. ‘ತಬ್ಬಿಬ್ಬಾದ’ ಎಂಬುದೂ ಹಾಗೆಯೇ. ಆ ವ್ಯಕ್ತಿ ಉತ್ತರಿಸುವ ಮುನ್ನ ಕೆಲವು ಸೆಕೆಂಡು ಸುಮ್ಮನಿದ್ದುದನ್ನು ಕ್ಯಾಮೆರಾ ಕಂಡಿದೆ, ಅವರ ಮನಸ್ಸಿನೊಳಗಿನದನ್ನು ಕಂಡಿಲ್ಲ.

ನಮ್ಮ ಪತ್ರಿಕಾ ಕನ್ನಡದಲ್ಲಿ ಇಂಥ ಪದಗಳಿಗೆ ಕೊರತೆಯಿಲ್ಲ: ತರಾಟೆ, ಗುಡುಗು, ಛೀಮಾರಿ, ಮುಖಭಂಗ. ಇವುಗಳನ್ನು ಯಾರಾದರೂ ಗುರುತಿಸುತ್ತಾರೆ. ಸಾಧು ವೇಷದಲ್ಲಿ ಬರುವ ಪದಗಳನ್ನು ಗುರುತಿಸುವುದೇ ಕಷ್ಟ. ‘ಒಪ್ಪಿಕೊಂಡರು’ ಎಂದು ಬರೆದರೆ ತಪ್ಪೊಂದು ಮೊದಲೇ ಇತ್ತು ಎಂದು ಓದುಗ ಭಾವಿಸುತ್ತಾನೆ, ‘ಸ್ಪಷ್ಟಪಡಿಸಿದರು’ ಎಂದರೆ ಅವರು ಹೇಳಿದ್ದೆಲ್ಲ ನಿಜವೆಂದು ನಂಬುತ್ತಾನೆ, ‘ನುಣುಚಿಕೊಂಡರು’ ಎಂದರೆ ಉತ್ತರ ಗೊತ್ತಿದ್ದೂ ಕೊಡಲಿಲ್ಲವೆಂದು ತಿಳಿಯುತ್ತಾನೆ. ‘ಹೇಳಿದರು’ ಮತ್ತು, ಇನ್ನೊಬ್ಬರ ಮೇಲೆ ದೂರಿದ್ದಾದರೆ, ‘ಆರೋಪಿಸಿದರು’ ಎಂಬ ಎರಡೇ ಪದಗಳಲ್ಲಿ ನಿಮ್ಮ ಬಹುಪಾಲು ಕೆಲಸ ಮುಗಿಯುತ್ತದೆ. ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ರೈತರಿಗೆ ಮೋಸ?’ ಎಂದು ಬರೆದರೆ ಹೊಣೆ ತಪ್ಪಿತೆಂದು ಹಲವರು ತಿಳಿದಿದ್ದಾರೆ. ತಪ್ಪುವುದಿಲ್ಲ. ಓದುವವನ ತಲೆಯಲ್ಲಿ ಉಳಿಯುವುದು ಮೋಸ ಎಂಬ ಪದವೇ.

ನಾಮಪದದ ವಿಷಯ ಮಲೆನಾಡಿನಲ್ಲಿ ಇನ್ನೂ ಸೂಕ್ಷ್ಮ. ಅದೇ ಎರಡು ಎಕರೆ ಜಮೀನಿಗೆ ಅರಣ್ಯ ಇಲಾಖೆಯವರು ‘ಒತ್ತುವರಿ’ ಎನ್ನುತ್ತಾರೆ, ತೋಟ ಮಾಡಿದವರು ‘ಸಾಗುವಳಿ’ ಎನ್ನುತ್ತಾರೆ, ಕಂದಾಯ ಇಲಾಖೆಯ ಕಾಗದದಲ್ಲಿ ಅದು ‘ಅನಧಿಕೃತ ಸಾಗುವಳಿ’ ಆಗಿರುತ್ತದೆ. ನೀವು ಯಾವ ಪದ ಹಿಡಿದರೂ ಒಂದು ಪಕ್ಷ ಹಿಡಿದಂತೆ. ಆದ್ದರಿಂದ ಶೀರ್ಷಿಕೆಯಲ್ಲಿ ‘ಬಗರ್‌ಹುಕುಂ ಅರ್ಜಿ’ ಎಂಬ ವಿಷಯದ ಹೆಸರನ್ನಷ್ಟೇ ಇಟ್ಟುಕೊಂಡು, ಒತ್ತುವರಿ ಎಂದೋ ಸಾಗುವಳಿ ಎಂದೋ ಹೇಳುವುದನ್ನು ಮಾತನಾಡಿದವರ ಬಾಯಿಗೇ ಬಿಡುವುದು ಲೇಸು.

ಇನ್ನೊಂದು ತಪ್ಪು ವಾಲುವಿಕೆಯದಲ್ಲ, ವಾಸ್ತವದ್ದು. ನಿಮ್ಮ ವಿವರಣೆಯಲ್ಲಿ ‘ಹೊಸನಗರ ಕ್ಷೇತ್ರದ ಅಭ್ಯರ್ಥಿಗಳು’ ಎಂದಿದೆ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಹೊಸನಗರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲ. ತಾಲ್ಲೂಕಿನ ಒಂದು ಭಾಗ ಸಾಗರಕ್ಕೂ ಮತ್ತೊಂದು ಭಾಗ ತೀರ್ಥಹಳ್ಳಿಗೂ ಸೇರಿದೆ. ಸಭೆ ನಡೆದ ಊರು ಬೇರೆ, ಅಭ್ಯರ್ಥಿಗಳು ಸ್ಪರ್ಧಿಸಿದ ಕ್ಷೇತ್ರ ಬೇರೆ. ಎರಡನ್ನೂ ಬರೆಯಿರಿ. ಚುನಾವಣೆಯ ವರ್ಷವನ್ನು ಶೀರ್ಷಿಕೆಯಲ್ಲೇ ಹಾಕಿರಿ, ಏಕೆಂದರೆ ಹಳೆಯ ಭಾಷಣಗಳು ಮುಂದಿನ ಚುನಾವಣೆಯಲ್ಲಿ ಹೊಸದೆಂಬಂತೆ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ನಾನು ಬರೆಯುವ ಶೀರ್ಷಿಕೆ ಹೀಗಿರುತ್ತದೆ: ‘ಬಗರ್‌ಹುಕುಂ ಅರ್ಜಿಗಳ ಬಗ್ಗೆ ಮೂವರು ಅಭ್ಯರ್ಥಿಗಳ ಮಾತು: ಪೂರ್ಣ ಸಭೆ’, ಅದರ ಬಳಿಕ ಕ್ಷೇತ್ರದ ಹೆಸರು ಮತ್ತು ವರ್ಷ. ವಿಷಯ ಮೊದಲು ಬಂದಿರುವುದಕ್ಕೆ ಕಾರಣವಿದೆ: ಮೊಬೈಲಿನ ಪಟ್ಟಿಯಲ್ಲಿ ಉದ್ದ ಶೀರ್ಷಿಕೆಯ ಬಾಲ ಕಾಣುವುದಿಲ್ಲ. ಯೂಟ್ಯೂಬಿನ ಮಿತಿ 100 ಅಕ್ಷರ ಎನ್ನುತ್ತಾರೆ, ಆದರೆ ಅದು ನಮ್ಮ ಕಣ್ಣಿಗೆ ಕಾಣುವ ಅಕ್ಷರವಲ್ಲ. ಕಾಗುಣಿತದ ಗುರುತು, ಒತ್ತಕ್ಷರ ಮೂಡಿಸಲು ನಡುವೆ ಬರುವ ಹಲಂತದ ಗುರುತು ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಕ್ಷೇತ್ರ’ ಎಂಬ ಎರಡಕ್ಷರದ ಪದ ಅಲ್ಲಿ ಏಳಾಗುತ್ತದೆ. ಜಾಗ ಸಾಲದಾದಾಗ ನಾವು ಮೊದಲು ಕೈಬಿಡುವುದು ‘ಎಂದು ಆರೋಪಿಸಿದರು’ ಎಂಬ ಬಾಲವನ್ನೇ, ಆಗ ಆರೋಪ ಬೆತ್ತಲೆಯಾಗಿ ಸತ್ಯದಂತೆ ನಿಲ್ಲುತ್ತದೆ. ಜಾಗವಿಲ್ಲದಿದ್ದರೆ ಇಡೀ ಆರೋಪವನ್ನೇ ಶೀರ್ಷಿಕೆಯಿಂದ ತೆಗೆದು ವಿವರಣೆಗೆ ಒಯ್ಯಿರಿ.

ವಿವರಣೆಯ ಮೊದಲ ಒಂದೆರಡು ಸಾಲುಗಳಷ್ಟೇ ಒತ್ತದೆಯೇ ಕಾಣಬಹುದಾದ್ದರಿಂದ, ಸಭೆ ಎಲ್ಲಿ, ಯಾವ ದಿನ, ಯಾರು ಏರ್ಪಡಿಸಿದ್ದು, ವಿಡಿಯೋ ಪೂರ್ತಿಯೋ ಆಯ್ದದ್ದೋ ಎಂಬುದು ಅಲ್ಲೇ ಮುಗಿಯಬೇಕು. ಅನಂತರ ಹೆಸರುಗಳು, ಮಾತನಾಡಿದ ಕ್ರಮದಲ್ಲಿ; ಆ ಕ್ರಮವೇ ಎಂದು ಒಂದು ಸಾಲು ಹೇಳಿಬಿಡಿ. ನಾಲ್ಕನೆಯ ಅಭ್ಯರ್ಥಿಯನ್ನು ಕರೆದಿದ್ದು ಅವರು ಬರದಿದ್ದರೆ ‘ಆಹ್ವಾನಿಸಲಾಗಿತ್ತು, ಬಂದಿರಲಿಲ್ಲ’ ಎಂದು ಬರೆಯಿರಿ. ಕರೆದೇ ಇರದಿದ್ದರೆ ಅದನ್ನೂ ಬರೆಯಬೇಕಾಗುತ್ತದೆ. ಕೆಳಗೆ ಸಮಯದ ಪಟ್ಟಿ ಕೊಟ್ಟರೆ ವಿಡಿಯೋ ತಾನೇ ಅಧ್ಯಾಯಗಳಾಗಿ ಒಡೆಯುತ್ತದೆ. ಅದು 00:00 ಇಂದ ಆರಂಭವಾಗಬೇಕು, ಕನಿಷ್ಠ ಮೂರು ಸಾಲು ಇರಬೇಕು, ಪ್ರತಿ ಭಾಗ ಕನಿಷ್ಠ 10 ಸೆಕೆಂಡು ಇರಬೇಕು. ನಿಮ್ಮ ಸಭೆಗೆ ಅದು ಹೀಗಾಗಬಹುದು, ‘ಅಭ್ಯರ್ಥಿ’ ಎಂದಿರುವಲ್ಲಿ ಹೆಸರು ಮತ್ತು ಪಕ್ಷ; ನಮೂನೆ 57 ಎಂದರೆ ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸಲು ಕೋರುವ ಅರ್ಜಿಯ ನಮೂನೆ:

```
00:00 ಸಭೆಯ ಪರಿಚಯ
02:10 ಅಭ್ಯರ್ಥಿ 1: ನಮೂನೆ 57ರ ಅರ್ಜಿಗಳು
12:40 ಅಭ್ಯರ್ಥಿ 2: ನಮೂನೆ 57ರ ಅರ್ಜಿಗಳು
22:05 ಅಭ್ಯರ್ಥಿ 3: ನಮೂನೆ 57ರ ಅರ್ಜಿಗಳು
31:30 ಸಭಿಕರ ಪ್ರಶ್ನೆಗಳು
```

ಅಭ್ಯರ್ಥಿಗಳ ಮೂರು ಸಾಲೂ ಒಂದೇ ಅಚ್ಚಿನಲ್ಲಿರುವುದನ್ನು ಗಮನಿಸಿ. ಒಬ್ಬರಿಗೆ ‘ಭರವಸೆ’, ಇನ್ನೊಬ್ಬರಿಗೆ ‘ಸಮರ್ಥನೆ’ ಎಂದು ಹಾಕಿದರೆ ಪಕ್ಷಪಾತ ಶೀರ್ಷಿಕೆಯಿಂದ ಇಳಿದು ಇಲ್ಲಿ ಕುಳಿತುಕೊಳ್ಳುತ್ತದೆ.

ಟ್ಯಾಗ್‌ಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಜನ ತಪ್ಪಾಗಿ ಟೈಪ್ ಮಾಡುವ ಪದಗಳನ್ನು ಹಿಡಿಯುವುದಕ್ಕೆ ಅವು ಉಪಯುಕ್ತ, ಉಳಿದಂತೆ ಹುಡುಕಾಟದಲ್ಲಿ ಅವುಗಳ ಪಾತ್ರ ತೀರ ಚಿಕ್ಕದು ಎಂದು ಯೂಟ್ಯೂಬೇ ಹೇಳುತ್ತದೆ. ‘ಬಗರ್ ಹುಕುಂ’, ‘ಬಗರ್‌ಹುಕುಂ’, `bagar hukum` ಇಷ್ಟು ಸಾಕು. ನೀವು ಹಾಕಿದ್ದ ಪಟ್ಟಿಯಲ್ಲಿ ವಿಡಿಯೋದಲ್ಲಿ ಇಲ್ಲದ ಇಬ್ಬರು ರಾಜ್ಯ ನಾಯಕರ ಹೆಸರೂ ಎರಡು ಜಾತಿಗಳ ಹೆಸರೂ ಇದ್ದವು. ಮೊದಲನೆಯದು ದಾರಿ ತಪ್ಪಿಸುವ ಮಾಹಿತಿ, ಯೂಟ್ಯೂಬಿನ ನಿಯಮಕ್ಕೆ ವಿರುದ್ಧ. ಎರಡನೆಯದು ಇನ್ನೂ ಗಂಭೀರ: ಚುನಾವಣೆಗೆ ಸಂಬಂಧಿಸಿ ಜಾತಿ, ಧರ್ಮ, ಭಾಷೆಗಳ ಆಧಾರದಲ್ಲಿ ದ್ವೇಷ ಬೆಳೆಸುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 125ನೇ ಕಲಮಿನಡಿ 3 ವರ್ಷದವರೆಗೆ ಶಿಕ್ಷೆಯುಳ್ಳ ಅಪರಾಧ. ಬರೀ ಒಂದು ಜಾತಿಯ ಹೆಸರು ಅಪರಾಧವಾಗದಿರಬಹುದು, ಆದರೆ ಆ ಪದ ಹುಡುಕಿ ಬರುವವರು ಯಾವ ಜಗಳ ಹುಡುಕಿ ಬರುತ್ತಾರೆಂದು ನಿಮಗೇ ಗೊತ್ತು.

ಮುಖಚಿತ್ರಕ್ಕೂ ಇದೇ ಮಾತು. ಬಾಯಿ ತೆರೆದು ಕಣ್ಣು ಅರೆಮುಚ್ಚಿದ ಒಂದು ಚೌಕಟ್ಟು ಎಲ್ಲರ ವಿಡಿಯೋದಲ್ಲೂ ಸಿಗುತ್ತದೆ. ಅದನ್ನು ಒಬ್ಬರಿಗೆ ಮಾತ್ರ ಆರಿಸಬೇಡಿ.

ಸಪ್ಪೆಯ ಭಯ ಸುಳ್ಳಲ್ಲ. ಮೊದಲ ದಿನ ನೋಡುವವರು ಕಡಿಮೆಯಾಗಬಹುದು. ಆದರೆ ‘ತಬ್ಬಿಬ್ಬು’ ನೋಡಲು ಬಂದವನು ಅದು ಸಿಗುವ 33ನೇ ನಿಮಿಷದವರೆಗೆ ಕಾಯುವುದಿಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ, ಎಷ್ಟು ಜನ ಎಲ್ಲಿಯವರೆಗೆ ನೋಡಿದರೆಂದು ತೋರಿಸುವ ಗೆರೆ ಆರಂಭದಲ್ಲೇ ಕಡಿದಾಗಿ ಬಿದ್ದಿದ್ದರೆ ಕಾರಣ ಶೀರ್ಷಿಕೆಯೇ ಇರಬಹುದು. ತನ್ನ ಅರ್ಜಿ ಏನಾಯಿತೆಂದು ತಿಳಿಯಬೇಕಾದ ರೈತ ಹುಡುಕುವುದು ‘ನಮೂನೆ 57’ ಎಂದು, ಅದು ನಿಮ್ಮ ಮೂಲ ಬರಹದಲ್ಲಿ ಎಲ್ಲಿಯೂ ಇರಲಿಲ್ಲ.

ಈಗಿನ ಶೀರ್ಷಿಕೆಯನ್ನು ಬದಲಿಸುವಾಗ ಸದ್ದಿಲ್ಲದೆ ಬದಲಿಸಬೇಡಿ. ವಾಟ್ಸಾಪಿನಲ್ಲಿ ಆಗಲೇ ಹಂಚಿಕೆಯಾದ ಸಂದೇಶಗಳಲ್ಲಿ ಹಳೆಯದೇ ಉಳಿದಿರುತ್ತದೆ, ಅದನ್ನು ಒತ್ತಿ ಬಂದವರಿಗೆ ಗೊಂದಲವಾಗುತ್ತದೆ. ವಿವರಣೆಯ ಕೊನೆಗೆ, ಯಾವ ದಿನ ಯಾವ ಪದಗಳನ್ನು ಏಕೆ ತೆಗೆದಿರಿ ಎಂದು ಎರಡು ಸಾಲು ಸೇರಿಸಿ, ಅದನ್ನೇ ಮೊದಲ ಪ್ರತಿಕ್ರಿಯೆಯಾಗಿಯೂ ಪಿನ್ ಮಾಡಿರಿ.

– ಸಂಪಾದಕ